ಬ್ಯಾಂಕು ಬರೆಯದ ಇನ್ನರ್ಧ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಗೋಣಿಚೀಲ ಮತ್ತು ಹೊಲಿಗೆ ದಾರ ಮಾರುವ ಒಂದು ಪಾಲುದಾರಿಕೆ ಅಂಗಡಿ ಇದೆ ಎಂದುಕೊಳ್ಳೋಣ. ಅಂಗಡಿ ಕಲ್ಪನೆಯದು, ಅದರ ಲೆಕ್ಕ ಮಾತ್ರ ನಿಜವಾದ ಅಂಗಡಿಗಳಲ್ಲಿ ನಡೆಯುವ ಹಾಗೆಯೇ ಇದೆ. 2025ರ ಡಿಸೆಂಬರ್ 31ರಂದು ಅಂಗಡಿಯ ನಗದು ಪುಸ್ತಕದ ಬ್ಯಾಂಕ್ ಅಂಕಣದಲ್ಲಿ ಶಿಲ್ಕು 2,86,450 ರೂಪಾಯಿ. ಅದೇ ದಿನದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ 2,74,324 ರೂಪಾಯಿ. ವ್ಯತ್ಯಾಸ 12,126.

ಹೊಸದಾಗಿ ಲೆಕ್ಕ ಬರೆಯಲು ಕೂತವರು ಮೊದಲು ಮಾಡುವ ಕೆಲಸ ಈ 12,126 ಎಲ್ಲಿದೆ ಎಂದು ಹುಡುಕುವುದು. ಅದು ಎಲ್ಲಿಯೂ ಸಿಗುವುದಿಲ್ಲ. ಅಷ್ಟು ಮೊತ್ತದ ಚೆಕ್ಕೂ ಇಲ್ಲ, ರಸೀದಿಯೂ ಇಲ್ಲ. ಕೆಲವು ಕೂಡಿ, ಕೆಲವು ಕಳೆದು ಉಳಿದ ಸಂಖ್ಯೆ ಅದು. ಅದನ್ನು ಒಡೆದು ನೋಡಿದರೆ ಒಳಗೆ ಎರಡು ಜಾತಿಯ ಸಂಗತಿಗಳಿವೆ. ಒಂದು ಜಾತಿಯದಕ್ಕೆ ನಾವು ಪುಸ್ತಕದಲ್ಲಿ ಏನನ್ನೂ ಬರೆಯಬಾರದು. ಇನ್ನೊಂದು ಜಾತಿಯದಕ್ಕೆ ಬರೆಯಲೇಬೇಕು. ಆ ಎರಡನೆಯ ಜಾತಿಯ ಮೂರು ಸಂಗತಿಗಳ ಸುತ್ತ ಈ ಅಧ್ಯಾಯವಿದೆ: ಬ್ಯಾಂಕು ಹಿಡಿದುಕೊಂಡ ಶುಲ್ಕ, ಹಣವಾಗದೆ ಮರಳಿದ ಚೆಕ್, ಬ್ಯಾಂಕು ತಾನಾಗಿ ಜಮೆ ಮಾಡಿದ ಬಡ್ಡಿ.

ಮೊದಲು, ಒಂದೇ ಹಣಕ್ಕೆ ಎರಡು ಪುಸ್ತಕ ಏಕೆ ಎಂಬುದನ್ನು ನೋಡೋಣ. ನಾವು ಬ್ಯಾಂಕಿನಲ್ಲಿ ಇಟ್ಟ ಹಣ ಅಲ್ಲಿ ನಮ್ಮ ಹೆಸರಿನಲ್ಲಿ ಕೂತಿರುತ್ತದೆ ಎಂಬುದು ಎಲ್ಲರ ನಂಬಿಕೆ. ಕಾನೂನು ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಫೋಲಿ ಎಂಬ ಗ್ರಾಹಕನಿಗೂ ಹಿಲ್ ಎಂಬ ಬ್ಯಾಂಕರ್‌ಗೂ ನಡುವೆ, ಶೇಕಡ 3ರ ಬಡ್ಡಿಗೆಂದು 1829ರಲ್ಲಿ ಇಟ್ಟ ಹಣದ ಬಗ್ಗೆ, ವ್ಯಾಜ್ಯ ನಡೆಯಿತು. 1848ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್ ಅದನ್ನು ತೀರ್ಮಾನಿಸಿತು. ಬ್ಯಾಂಕಿಗೆ ಕಟ್ಟಿದ ಕ್ಷಣದಿಂದ ಆ ಹಣ ಬ್ಯಾಂಕಿನದು, ಗ್ರಾಹಕನಿಗೆ ಉಳಿಯುವುದು ಅಷ್ಟು ಮೊತ್ತದ ಸಾಲ ವಸೂಲಿ ಮಾಡುವ ಹಕ್ಕು ಮಾತ್ರ ಎಂಬುದು ಆ ತೀರ್ಪಿನ ತಿರುಳು. ಬ್ಯಾಂಕು ಮತ್ತು ಗ್ರಾಹಕರ ಸಂಬಂಧವನ್ನು ಭಾರತದ ನ್ಯಾಯಾಲಯಗಳೂ ಇದೇ ತಳಹದಿಯ ಮೇಲೆ ನೋಡುತ್ತ ಬಂದಿವೆ. ಅಂದರೆ ನಮ್ಮ ಪುಸ್ತಕದಲ್ಲಿರುವುದು ‘ಬ್ಯಾಂಕು ನಮಗೆ ಕೊಡಬೇಕಾದದ್ದು’, ಬ್ಯಾಂಕಿನ ಪುಸ್ತಕದಲ್ಲಿರುವುದು ‘ನಾವು ಈ ಅಂಗಡಿಗೆ ಕೊಡಬೇಕಾದದ್ದು’. ಒಂದೇ ಸಾಲವನ್ನು ಸಾಲಗಾರ ಒಂದು ಕಡೆ, ಸಾಲ ಕೊಟ್ಟವ ಇನ್ನೊಂದು ಕಡೆ ಬರೆದಿಡುತ್ತಿದ್ದಾರೆ.

ಎಲ್ಲರನ್ನೂ ಗೊಂದಲಕ್ಕೆ ಕೆಡವುವ ವಿಷಯ ಹುಟ್ಟುವುದು ಇಲ್ಲಿಂದಲೇ. ಸ್ಟೇಟ್‌ಮೆಂಟಿನಲ್ಲಿ ‘ಕ್ರೆಡಿಟ್’ ಎಂದಿದ್ದರೆ ಬ್ಯಾಂಕು ತಾನು ಕೊಡಬೇಕಾದ ಸಾಲವನ್ನು ಹೆಚ್ಚಿಸಿಕೊಂಡಿದೆ ಎಂದರ್ಥ. ನಮಗೆ ಬರಬೇಕಾದದ್ದು ಹೆಚ್ಚಿತು, ಆದ್ದರಿಂದ ನಮ್ಮ ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್ ಆಗಬೇಕು. ಬ್ಯಾಂಕು ‘ಡೆಬಿಟ್’ ಎಂದರೆ ನಮ್ಮಲ್ಲಿ ಕ್ರೆಡಿಟ್. ಬ್ಯಾಂಕಿನ ಮಾತನ್ನು ಹಾಗೆಯೇ ನಕಲು ಮಾಡಿದರೆ ಮೊತ್ತ ತಪ್ಪು ದಿಕ್ಕಿಗೆ ಹೋಗುತ್ತದೆ, ಮತ್ತು ತಪ್ಪು ಎರಡರಷ್ಟಾಗುತ್ತದೆ. 16,200 ರೂಪಾಯಿ ಬಡ್ಡಿಯನ್ನು ಕೂಡಿಸುವ ಬದಲು ಕಳೆದರೆ ವ್ಯತ್ಯಾಸ 32,400 ಆಗಿ ನಿಲ್ಲುತ್ತದೆ. ತಾಳೆಯಾಗದ ಮೊತ್ತವನ್ನು ಅರ್ಧ ಮಾಡಿ, ಆ ಅರ್ಧದ ಸಂಖ್ಯೆ ಸ್ಟೇಟ್‌ಮೆಂಟಿನಲ್ಲಿ ಎಲ್ಲಾದರೂ ಇದೆಯೇ ಎಂದು ಅನುಭವಿಗಳು ಮೊದಲು ನೋಡುವುದು ಈ ಕಾರಣಕ್ಕೆ.

ಇನ್ನು ಎರಡು ಪುಸ್ತಕಗಳು ಏಕೆ ಭಿನ್ನವಾಗುತ್ತವೆ ಎಂಬುದು. ಒಂದು ಸುದ್ದಿ ಎರಡೂ ಕಡೆ ಒಂದೇ ಗಳಿಗೆಗೆ ಮುಟ್ಟುವುದಿಲ್ಲ. ನಾವು ಗೋಣಿಚೀಲದ ಪೂರೈಕೆದಾರನಿಗೆ ಡಿಸೆಂಬರ್ 29ರಂದು 38,500 ರೂಪಾಯಿಯ ಚೆಕ್ ಬರೆದುಕೊಟ್ಟೆವು. ಬರೆದ ಕೂಡಲೇ ನಮ್ಮ ಪುಸ್ತಕದಲ್ಲಿ ಅದು ಕಳೆಯಿತು. ಅವನು ಅದನ್ನು ತನ್ನ ಖಾತೆಗೆ ಹಾಕುವವರೆಗೆ ನಮ್ಮ ಬ್ಯಾಂಕಿಗೆ ಅದರ ಸುದ್ದಿಯೇ ಇಲ್ಲ. ಹಾಗೆಯೇ 31ರ ಸಂಜೆ ನಾವು 24,000 ರೂಪಾಯಿಯ ಒಂದು ಚೆಕ್ಕನ್ನು ಬ್ಯಾಂಕಿನ ಪೆಟ್ಟಿಗೆಗೆ ಹಾಕಿ ಬಂದೆವು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳ ಚಿತ್ರ ದಿನವಿಡೀ ನಿರಂತರವಾಗಿ ಕ್ಲಿಯರಿಂಗಿಗೆ ಹೋಗುವ ವ್ಯವಸ್ಥೆ ಬಂದಿರುವುದರಿಂದ, ಬೆಳಿಗ್ಗೆ ಕೊಟ್ಟ ಚೆಕ್ ಅದೇ ದಿನ ಇತ್ಯರ್ಥವಾಗಬಹುದು. ಸಂಜೆ 4 ಗಂಟೆಗೆ ಆ ದಿನದ ಅವಧಿ ಮುಗಿಯುತ್ತದೆ. ಆಮೇಲೆ ಹಾಕಿದ್ದು ನಾಳೆಯ ಪಾಲು. ಈ ಎರಡೂ ಕೇವಲ ಹೊತ್ತಿನ ವ್ಯತ್ಯಾಸಗಳು. ನಮ್ಮ ಪುಸ್ತಕ ಸರಿಯಾಗಿಯೇ ಇದೆ, ಬ್ಯಾಂಕು ಇನ್ನೂ ಕೇಳಬೇಕಾದ ಸುದ್ದಿ ಅದು. ಇವುಗಳಿಗೆ ನಮೂದು ಬೇಡ. ಹೊಂದಾಣಿಕೆ ಪಟ್ಟಿಯಲ್ಲಿ ಕಾಣಿಸಿದರೆ ಸಾಕು.

ಬ್ಯಾಂಕಿಗೆ ಮೊದಲು ತಿಳಿದು ನಮಗೆ ಆಮೇಲೆ ತಿಳಿಯುವ ಸುದ್ದಿಗಳೂ ಇವೆ. ಶುಲ್ಕ ಹಿಡಿಯುವುದು ಬ್ಯಾಂಕು. ಚೆಕ್ ಮರಳಿದ್ದು ಮೊದಲು ಗೊತ್ತಾಗುವುದು ಬ್ಯಾಂಕಿಗೆ. ಬಡ್ಡಿಯನ್ನು ಲೆಕ್ಕ ಹಾಕುವುದೂ ಬ್ಯಾಂಕು. ಇಲ್ಲಿ ಹಿಂದೆ ಬಿದ್ದಿರುವುದು ನಮ್ಮ ಪುಸ್ತಕ, ಆದ್ದರಿಂದ ತಿದ್ದಬೇಕಾದವರೂ ನಾವೇ. ಹೊಂದಾಣಿಕೆ ಪಟ್ಟಿ ಎಷ್ಟು ಚೆನ್ನಾಗಿ ತಾಳೆಯಾದರೂ ಅದು ಒಂದು ಹಾಳೆ ಮಾತ್ರ, ಅದರಿಂದ ಖಾತೆವಹಿಯಲ್ಲಿ ಒಂದು ಪೈಸೆಯೂ ಕದಲುವುದಿಲ್ಲ. ಪಟ್ಟಿ ಮಾಡಿ ಫೈಲಿಗೆ ಸೇರಿಸಿ, ಹೊಂದಾಣಿಕೆ ನಮೂದು ಬರೆಯುವುದನ್ನು ಮರೆತವರ ಲೆಕ್ಕದಲ್ಲಿ ಅದೇ ವ್ಯತ್ಯಾಸ ತಿಂಗಳು ತಿಂಗಳಿಗೂ ಹಾಗೆಯೇ ಮುಂದುವರಿಯುತ್ತದೆ.

ಕೆಲಸದ ಕ್ರಮ ಸರಳ. ಸ್ಟೇಟ್‌ಮೆಂಟು ಮತ್ತು ನಗದು ಪುಸ್ತಕವನ್ನು ಅಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಇರುವುದಕ್ಕೆ ಗುರುತು ಹಾಕುತ್ತ ಹೋಗಬೇಕು. ಗುರುತು ಬೀಳದೆ ಉಳಿದದ್ದು ಮಾತ್ರ ನಮಗೆ ಬೇಕಾದದ್ದು. ನಮ್ಮ ಅಂಗಡಿಯ ಪುಸ್ತಕದಲ್ಲಿ ಆ ಎರಡು ಚೆಕ್ಕುಗಳು ಉಳಿದವು. ಸ್ಟೇಟ್‌ಮೆಂಟಿನಲ್ಲಿ ನಾಲ್ಕು ಸಾಲು ಉಳಿದವು: ಖಾತೆ ನಿರ್ವಹಣೆಯ ಶುಲ್ಕ 590, ಮರಳಿದ ಚೆಕ್ 42,000, ಅದು ಮರಳಿದ್ದಕ್ಕೆ ಶುಲ್ಕ 236, ಠೇವಣಿಯ ಬಡ್ಡಿ 16,200. ಮೊದಲ ಮೂರು ಕಳೆದವು, ಕೊನೆಯದು ಕೂಡಿದ್ದು.

ಪ್ರತಿಯೊಂದು ಸಾಲಿನಲ್ಲೂ ಬ್ಯಾಂಕು ಒಂದೇ ಒಂದು ಮೊತ್ತ ಬರೆದಿದೆ. ನಮ್ಮ ಪುಸ್ತಕದಲ್ಲಿ ಪ್ರತಿ ನಮೂದಿಗೂ ಎರಡು ಬದಿ ಇರಬೇಕು. ಒಂದು ಬದಿ ಬ್ಯಾಂಕ್ ಖಾತೆ, ಅದನ್ನು ಸ್ಟೇಟ್‌ಮೆಂಟು ಹೇಳಿಕೊಟ್ಟಿದೆ. ಇನ್ನೊಂದು ಬದಿಯನ್ನು ಅದು ಹೇಳುವುದಿಲ್ಲ. ಅದು ಯಾರ ಖಾತೆ, ಎಷ್ಟು ಭಾಗ ಖರ್ಚು, ಎಷ್ಟು ಭಾಗ ಮುಂದೆ ವಾಪಸ್ ಬರಬೇಕಾದದ್ದು ಎಂಬುದನ್ನು ನಾವೇ ಕಂಡುಕೊಳ್ಳಬೇಕು. ಈ ಕೆಲಸದ ಕಷ್ಟವೆಲ್ಲ ಈ ಅರ್ಧದಲ್ಲಿದೆ.

ಶುಲ್ಕದಿಂದ ಶುರು ಮಾಡೋಣ. 590 ರೂಪಾಯಿಯಲ್ಲಿ ಶುಲ್ಕ 500, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 90. ಅಂಗಡಿ ಜಿಎಸ್‌ಟಿಯಲ್ಲಿ ನೋಂದಾಯಿತವಾಗಿದ್ದು, ಬ್ಯಾಂಕಿಗೆ ತನ್ನ ಜಿಎಸ್‌ಟಿ ಸಂಖ್ಯೆಯನ್ನು ಕೊಟ್ಟಿದ್ದರೆ, ಆ 90 ರೂಪಾಯಿ ಖರ್ಚಲ್ಲ. ತಾನು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಮುರಿದುಕೊಳ್ಳಬಹುದು. ಹಾಗಾಗಿ ನಮೂದು ಹೀಗಿರುತ್ತದೆ:

ಬ್ಯಾಂಕ್ ಶುಲ್ಕ ಖಾತೆ — ಡೆಬಿಟ್ 500
ಹೂಡುವಳಿ ಜಿಎಸ್‌ಟಿ (ಕೇಂದ್ರ 45, ರಾಜ್ಯ 45) — ಡೆಬಿಟ್ 90
ಬ್ಯಾಂಕ್ ಖಾತೆ — ಕ್ರೆಡಿಟ್ 590

ಜಿಎಸ್‌ಟಿ ಸಂಖ್ಯೆ ಬ್ಯಾಂಕಿನ ದಾಖಲೆಯಲ್ಲಿ ಸೇರಿದೆಯೇ ಎಂದು ಕಂಡುಹಿಡಿಯಲು ಒಂದು ಸುಲಭ ದಾರಿ ಇದೆ. ಅಂಗಡಿಯ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಕಾಣಿಸಬೇಕು. ಕಾಣಿಸದಿದ್ದರೆ ಬ್ಯಾಂಕು ನಮ್ಮನ್ನು ಸಾಮಾನ್ಯ ಗ್ರಾಹಕರ ಸಾಲಿಗೆ ಸೇರಿಸಿದೆ ಎಂದರ್ಥ, ಸಂಖ್ಯೆ ಸೇರುವವರೆಗೆ ಆ ತೆರಿಗೆಯೂ ಖರ್ಚಿನ ಲೆಕ್ಕಕ್ಕೇ ಹೋಗುತ್ತದೆ. ತಿಂಗಳಿಗೆ 90 ರೂಪಾಯಿ ಸಣ್ಣದು. ಸಾಲದ ಸಂಸ್ಕರಣಾ ಶುಲ್ಕ, ಬ್ಯಾಂಕ್ ಗ್ಯಾರಂಟಿಯ ಕಮಿಷನ್ ಇರುವ ಸಂಸ್ಥೆಗಳಲ್ಲಿ ಇದೇ ಸಾಲು ಸಾವಿರಗಳಲ್ಲಿ ಇರುತ್ತದೆ.

ಈಗ ಮರಳಿದ ಚೆಕ್. ಮೂರರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ಒಬ್ಬ ಮೆಣಸಿನಕಾಯಿ ವ್ಯಾಪಾರಿ ನವೆಂಬರಿನಲ್ಲಿ 40,000 ರೂಪಾಯಿಯ ಗೋಣಿಚೀಲ ಒಯ್ದಿದ್ದ. ಶೇಕಡ 5ರ ತೆರಿಗೆ 2,000 ಸೇರಿ ಬಿಲ್ಲು 42,000. ಡಿಸೆಂಬರ್ 20ರ ತಾರೀಖು ಹಾಕಿದ ಚೆಕ್ ಕೊಟ್ಟ. ಅಂಗಡಿಯವರು ಅದನ್ನು ಸೋಮವಾರ 22ರಂದು ಬ್ಯಾಂಕಿಗೆ ಹಾಕಿ, ಪುಸ್ತಕದಲ್ಲಿ ಬ್ಯಾಂಕ್ ಖಾತೆ ಡೆಬಿಟ್, ವ್ಯಾಪಾರಿಯ ಖಾತೆ ಕ್ರೆಡಿಟ್ ಎಂದು ಬರೆದರು. ವ್ಯಾಪಾರಿಯ ಬಾಕಿ ಸೊನ್ನೆಯಾಯಿತು. 23ರಂದು ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಕಾರಣದೊಂದಿಗೆ ಚೆಕ್ ಮರಳಿತು.

ಇಲ್ಲಿ ಏನು ನಡೆಯಿತು ಎಂಬುದನ್ನು ನಿಧಾನವಾಗಿ ಯೋಚಿಸಬೇಕು. ಗೋಣಿಚೀಲ ವಾಪಸ್ ಬಂದಿಲ್ಲ, ಆದ್ದರಿಂದ ಮಾರಾಟ ರದ್ದಾಗಿಲ್ಲ. ಹಣ ಕಳೆದುಹೋಗಿದೆ ಎಂದೂ ಇಲ್ಲ, ಆದ್ದರಿಂದ ಇದು ನಷ್ಟವೂ ಅಲ್ಲ. ಚೆಕ್ ಬರುವುದಕ್ಕೆ ಮುಂಚೆ ಇದ್ದ ಸ್ಥಿತಿಗೆ ನಾವು ಮರಳಿದ್ದೇವೆ, ಅಷ್ಟೆ. ಚೆಕ್ ಎಂಬುದು ಹಣ ಕೊಡುವಂತೆ ಬ್ಯಾಂಕಿಗೆ ಬರೆದ ಆದೇಶ. ಆ ಆದೇಶ ನಡೆಯದಿದ್ದರೆ ಹಳೆಯ ಸಾಲ ಮತ್ತೆ ಎದ್ದು ಕೂಡುತ್ತದೆ. ನಮೂದು ಹೇಳಬೇಕಾದದ್ದು ಅದನ್ನೇ:

ವ್ಯಾಪಾರಿಯ ಖಾತೆ — ಡೆಬಿಟ್ 42,000
ಬ್ಯಾಂಕ್ ಖಾತೆ — ಕ್ರೆಡಿಟ್ 42,000

ಹಳೆಯ ಜಮೆಯ ನಮೂದನ್ನು ಅಳಿಸಿ ಹಾಕಿದರೂ ಶಿಲ್ಕು ಇಷ್ಟೇ ಬರುತ್ತದೆ, ಮತ್ತು ಕಂಪ್ಯೂಟರಿನಲ್ಲಿ ಅಳಿಸುವುದು ಒಂದು ಕೀಲಿಯ ಕೆಲಸ. ಆದರೂ ಅಳಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಳಿಸಿದರೆ ಈ ವ್ಯಾಪಾರಿಯ ಚೆಕ್ ಒಮ್ಮೆ ಮರಳಿತ್ತು ಎಂಬ ನೆನಪೇ ಖಾತೆಯಿಂದ ಹೋಗುತ್ತದೆ. ಮುಂದಿನ ಹಂಗಾಮಿನಲ್ಲಿ ಅವನಿಗೆ ಉದ್ದರಿ ಕೊಡಬೇಕೇ ಎಂದು ಯೋಚಿಸುವಾಗ ಬೇಕಾಗುವುದು ಆ ನೆನಪೇ. ಬೇಗ ಹಣ ಕೊಟ್ಟದ್ದಕ್ಕೆ ರಿಯಾಯಿತಿ ಬಿಟ್ಟಿದ್ದರೆ ಅದನ್ನೂ ವ್ಯಾಪಾರಿಯ ಖಾತೆಗೆ ಮರಳಿ ಹಾಕಬೇಕು. ಹಣವೇ ಬರದ ಮೇಲೆ ಬೇಗ ಬಂದದ್ದಕ್ಕೆ ಕೊಟ್ಟ ರಿಯಾಯಿತಿ ನಿಲ್ಲುವುದಿಲ್ಲ. ಬಿಲ್ಲಿನ ಮೊತ್ತಕ್ಕಿಂತ ಚೆಕ್ಕಿನ ಮೊತ್ತ ಸ್ವಲ್ಪ ಕಡಿಮೆಯಿದ್ದಾಗ, ಚೆಕ್ಕಿನಷ್ಟನ್ನೇ ತಿರುಗಿಸಿ ರಿಯಾಯಿತಿಯನ್ನು ಅಲ್ಲೇ ಬಿಡುವ ತಪ್ಪು ಸುಲಭವಾಗಿ ಆಗುತ್ತದೆ.

ಮರಳಿದ್ದಕ್ಕೆ ಬ್ಯಾಂಕು ತೆರಿಗೆ ಸೇರಿಸಿ ಹಿಡಿದ 236 ರೂಪಾಯಿ ಯಾರ ಮೇಲೆ? ಹಿಡಿದದ್ದು ನಮ್ಮ ಖಾತೆಯಿಂದ, ಕಾರಣನಾದವನು ವ್ಯಾಪಾರಿ. ಚೆಕ್ ಮರಳಿದರೆ ಶುಲ್ಕ ಕೊಳ್ಳುವವರದು ಎಂದು ಅಂಗಡಿಯ ಬಿಲ್ಲಿನಲ್ಲಿ ಷರತ್ತು ಇದ್ದರೆ ಅದನ್ನೂ ಅವನ ಖಾತೆಗೆ ಡೆಬಿಟ್ ಮಾಡಬಹುದು. ಷರತ್ತಿಲ್ಲದೆ, ಕೇಳುವ ಮನಸ್ಸೂ ಇಲ್ಲದೆ ಅವನ ಖಾತೆಗೆ ಹಾಕಿಟ್ಟರೆ ಅದು ಎಂದೂ ಬರದ ಬಾಕಿಯಾಗಿ ವರ್ಷಗಟ್ಟಲೆ ಕೂತಿರುತ್ತದೆ. ಆಗ ಬ್ಯಾಂಕ್ ಶುಲ್ಕಕ್ಕೇ ಬರೆಯುವುದು ಪ್ರಾಮಾಣಿಕ. ನಮ್ಮ ಅಂಗಡಿಯ ಬಿಲ್ಲಿನಲ್ಲಿ ಷರತ್ತು ಇದೆ ಎಂದಿಟ್ಟುಕೊಳ್ಳೋಣ. ಪೂರಾ 236 ಅವನ ಖಾತೆಗೆ ಹೋಯಿತು, ಹಾಗಾಗಿ ಅದರೊಳಗಿನ ತೆರಿಗೆಯನ್ನು ನಾವು ಮತ್ತೆ ಸರ್ಕಾರದ ಕಡೆಯಿಂದಲೂ ಮುರಿದುಕೊಳ್ಳಲಿಲ್ಲ. ಈಗ ಅವನ ಬಾಕಿ 42,236.

ಬಿಲ್ಲಿನಲ್ಲಿದ್ದ 2,000 ರೂಪಾಯಿ ಜಿಎಸ್‌ಟಿಯ ಕಥೆ ಬೇರೆ. ಅದು ನವೆಂಬರಿನ ಮಾರಾಟದ ತೆರಿಗೆ, ಡಿಸೆಂಬರ್ 20ರೊಳಗೆ ಅಂಗಡಿ ಅದನ್ನು ಸರ್ಕಾರಕ್ಕೆ ಕಟ್ಟಿಯಾಗಿದೆ. ಚೆಕ್ ಮರಳಿತು ಎಂದು ಅದು ವಾಪಸ್ ಬರುವುದಿಲ್ಲ. ಸರಕು ಹಿಂದಿರುಗಿದರೆ, ಅಥವಾ ಬೆಲೆಯೋ ತೆರಿಗೆಯೋ ಹೆಚ್ಚಾಗಿ ಬಿಲ್ಲಾಗಿದ್ದರೆ ಕ್ರೆಡಿಟ್ ನೋಟ್ ಕೊಟ್ಟು ತೆರಿಗೆ ಇಳಿಸಬಹುದು. ಹಣ ಬಾರದಿರುವುದು ಅಂಥ ಕಾರಣಗಳಲ್ಲಿ ಸೇರಿಲ್ಲ. ಆದ್ದರಿಂದ ಮರಳಿದ ಚೆಕ್ಕಿಗೆ ಉತ್ತರವಾಗಿ ಮಾರಾಟದ ಖಾತೆಯನ್ನಾಗಲಿ ತೆರಿಗೆಯ ಖಾತೆಯನ್ನಾಗಲಿ ಮುಟ್ಟಿದರೆ ಅಂಗಡಿಯ ಲೆಕ್ಕಕ್ಕೂ ತೆರಿಗೆ ವಿವರಪಟ್ಟಿಗೂ ತಾಳೆ ತಪ್ಪುತ್ತದೆ.

ಸ್ಟೇಟ್‌ಮೆಂಟಿನಲ್ಲಿ ಮರಳಿದ ಚೆಕ್ಕನ್ನು ಗುರುತಿಸುವುದೂ ಕೆಲವೊಮ್ಮೆ ಕಷ್ಟ. ಕೆಲವು ಕಡೆ ಚೆಕ್ಕಿನ ಮೊತ್ತ ಒಮ್ಮೆ ಜಮೆಯಾಗಿ ಮತ್ತೆ ಕಳೆದ ಎರಡು ಸಾಲುಗಳು ಕಾಣುತ್ತವೆ. ನಮ್ಮ ಅಂಗಡಿಯದು ಹಾಗೆಯೇ ಇತ್ತು. ಇನ್ನು ಕೆಲವು ಕಡೆ ಜಮೆಯಾಗುವ ಮೊದಲೇ ಚೆಕ್ ಮರಳುವುದರಿಂದ ಆ ಮೊತ್ತದ ಸಾಲೇ ಇರುವುದಿಲ್ಲ. ಎರಡನೆಯ ಸಂದರ್ಭದಲ್ಲಿ ನಮ್ಮ ಪುಸ್ತಕದಲ್ಲಿ ಉಳಿದ 42,000 ರೂಪಾಯಿ, 31ರ ಸಂಜೆ ಹಾಕಿದ 24,000 ರೂಪಾಯಿಯ ಚೆಕ್ಕಿನಂತೆಯೇ ‘ಇನ್ನೂ ಜಮೆಯಾಗಬೇಕಾದದ್ದು’ ಎಂದು ಕಾಣಿಸುತ್ತದೆ. ಸುಳಿವು ಸಿಗುವುದು ಪಕ್ಕದಲ್ಲಿರುವ ಸಣ್ಣ ಶುಲ್ಕದ ಸಾಲಿನಿಂದ, ಮತ್ತು ತಾರೀಖಿನಿಂದ. ಈಗಿನ ಕ್ಲಿಯರಿಂಗಿನಲ್ಲಿ 22ರಂದು ಹಾಕಿದ ಚೆಕ್ 31ರವರೆಗೂ ದಾರಿಯಲ್ಲಿ ಇರುವುದಕ್ಕೆ ಸಾಧ್ಯವಿಲ್ಲ. ಒಂದೆರಡು ದಿನಕ್ಕಿಂತ ಹಳೆಯದಾದ ಜಮೆ ಬಾಕಿಯನ್ನು ಹೊತ್ತಿನ ವ್ಯತ್ಯಾಸ ಎಂದು ಪಟ್ಟಿಯಲ್ಲಿ ಮುಂದಕ್ಕೆ ತಳ್ಳುವ ಮೊದಲು ಬ್ಯಾಂಕಿಗೆ ಫೋನು ಮಾಡಲೇಬೇಕು.

ಏಕೆಂದರೆ ಇಲ್ಲಿ ಒಂದು ಗಡಿಯಾರ ಓಡತೊಡಗಿದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು, ಹಣವಿಲ್ಲದ ಕಾರಣಕ್ಕೆ ಚೆಕ್ ಮರಳುವುದನ್ನು ಅಪರಾಧವೆನ್ನುತ್ತದೆ. ಆ ಕಲಮು ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಿಂದ. ಅದನ್ನು ಬಳಸಬೇಕಾದರೆ ಚೆಕ್ ಮರಳಿದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಬರಹದ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬೇಕು. ನಮ್ಮ ಅಂಗಡಿಗೆ 23ರಂದೇ ಮಾಹಿತಿ ಬಂದಿದ್ದರೆ ನೋಟಿಸಿಗೆ ಕೊನೆಯ ದಿನ ಜನವರಿ 22. ಚೆಕ್ ಊರ್ಜಿತವಾಗಿರುವಾಗ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕುವುದಕ್ಕೂ ಅವಕಾಶವಿದೆ, ಆದರೆ ಚೆಕ್ಕಿನ ಆಯುಸ್ಸು ಅದರ ಮೇಲಿರುವ ತಾರೀಖಿನಿಂದ ಮೂರೇ ತಿಂಗಳು. ಮಾರ್ಚ್ ಕೊನೆಗೆ, ವರ್ಷದ ಲೆಕ್ಕ ಮುಗಿಸುವಾಗ ಒಮ್ಮೆಗೇ ಬ್ಯಾಂಕ್ ತಾಳೆ ನೋಡುವ ಅಂಗಡಿಯಲ್ಲಿ ಈ ಎರಡೂ ಬಾಗಿಲು ಮುಚ್ಚಿರುತ್ತವೆ. ಸಾಲ ಸಾಯುವುದಿಲ್ಲ, ಸಿವಿಲ್ ದಾವೆಗೆ ಮೂರು ವರ್ಷವಿದೆ. ಆದರೆ ಅದು ಉದ್ದದ ದಾರಿ.

ಹೆಚ್ಚಿನ ಸಲ ಇದು ನೋಟಿಸಿನವರೆಗೂ ಹೋಗುವುದಿಲ್ಲ. ಅಂಗಡಿಯವರು ಫೋನು ಮಾಡುತ್ತಾರೆ: “ಅಣ್ಣಾರ, ನಿಮ್ಮ ಚೆಕ್ ವಾಪಸ್ ಬಂದೈತ್ರಿ.” ಆ ಕಡೆಯಿಂದ, “ಹೌದೇನ್ರಿ? ಮಾಲಿನ ರೊಕ್ಕ ಸೋಮವಾರ ಬರಬೇಕಾಗಿತ್ತು, ಇವತ್ತ ಆಗೂದಿಲ್ಲ, ನಾಳೆ ಎನ್‌ಇಎಫ್‌ಟಿ ಮಾಡ್ತೀನಿ.” ಈ ಮಾತು ನಡೆಯಬೇಕಾದರೆ ಪುಸ್ತಕದಲ್ಲಿ ಅವನ ಬಾಕಿ ಸೊನ್ನೆ ಎಂದಿರಬಾರದು. ನಮೂದು ಬರೆಯದ ಅಂಗಡಿಯವರಿಗೆ ಫೋನು ಮಾಡಬೇಕು ಎಂಬುದೇ ಹೊಳೆಯುವುದಿಲ್ಲ.

ಮೂರನೆಯದು ಬಡ್ಡಿ. ಚಾಲ್ತಿ ಖಾತೆಗೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ. ಹಾಗಿದ್ದರೆ ಈ 16,200 ಎಲ್ಲಿಂದ ಬಂತು? ಅಂಗಡಿ ಶೇಕಡ 6ರ ದರದಲ್ಲಿ 12 ಲಕ್ಷ ರೂಪಾಯಿಯ ನಿಶ್ಚಿತ ಠೇವಣಿ ಇಟ್ಟು, ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಚಾಲ್ತಿ ಖಾತೆಗೆ ಹಾಕುವಂತೆ ಹೇಳಿತ್ತು. ವರ್ಷಕ್ಕೆ 72,000, ಮೂರು ತಿಂಗಳಿಗೆ 18,000. ವರ್ಷದ ಬಡ್ಡಿ 50,000 ದಾಟುವುದರಿಂದ ಬ್ಯಾಂಕು ಶೇಕಡ 10ರಷ್ಟನ್ನು, ಅಂದರೆ 1,800 ರೂಪಾಯಿಯನ್ನು, ಮೂಲದಲ್ಲೇ ಆದಾಯ ತೆರಿಗೆಯಾಗಿ ಹಿಡಿದು ಉಳಿದದ್ದನ್ನು ಜಮೆ ಮಾಡಿತು. ಸ್ಟೇಟ್‌ಮೆಂಟಿನಲ್ಲಿ ಕಂಡದ್ದು ಆ ಉಳಿದದ್ದು ಮಾತ್ರ. ಅಂಗಡಿಯ ಆದಾಯ 18,000, ಕೈಗೆ ಬಂದದ್ದು 16,200, ಸರ್ಕಾರದ ಬಳಿ ಅಂಗಡಿಯ ಹೆಸರಿನಲ್ಲಿ ಜಮೆ ಇರುವುದು 1,800:

ಬ್ಯಾಂಕ್ ಖಾತೆ — ಡೆಬಿಟ್ 16,200
ಮೂಲದಲ್ಲಿ ಕಡಿತವಾದ ತೆರಿಗೆ (ಟಿಡಿಎಸ್) ಖಾತೆ — ಡೆಬಿಟ್ 1,800
ಠೇವಣಿ ಬಡ್ಡಿ ಖಾತೆ — ಕ್ರೆಡಿಟ್ 18,000

16,200 ರೂಪಾಯಿಯನ್ನೇ ಬಡ್ಡಿ ಎಂದು ಬರೆದರೂ ಬ್ಯಾಂಕ್ ತಾಳೆ ಕರಾರುವಾಕ್ಕಾಗಿ ಬರುತ್ತದೆ. ತಪ್ಪು ಹೊರಬೀಳುವುದು ಬೇರೆ ಕಡೆ, ತಿಂಗಳುಗಳ ನಂತರ. ಆದಾಯ ತೆರಿಗೆ ಇಲಾಖೆಯ ಫಾರಂ 26ಎಎಸ್‌ನಲ್ಲಿ ಈ ತ್ರೈಮಾಸಿಕಕ್ಕೆ 18,000 ಎಂದಿರುತ್ತದೆ, ಅಂಗಡಿಯ ಪುಸ್ತಕ 16,200 ಎನ್ನುತ್ತದೆ. ಪ್ರತಿ ತ್ರೈಮಾಸಿಕಕ್ಕೂ ಒಮ್ಮೆ ಈ ಎರಡನ್ನೂ ಪಕ್ಕದಲ್ಲಿಟ್ಟು ನೋಡುವವರಿಗೆ ಇದು ಐದು ನಿಮಿಷದ ಕೆಲಸ. ಇನ್ನೊಂದು ತಪ್ಪಿನ ಕಡೆಗೂ ಕಣ್ಣಿಡಬೇಕು. ಕೆಲವು ಲೆಕ್ಕಿಗರು ಬಡ್ಡಿಯನ್ನು ಅದು ಹುಟ್ಟಿದಂತೆ ತಿಂಗಳು ತಿಂಗಳೂ ‘ಬರಬೇಕಾದ ಬಡ್ಡಿ’ ಎಂದು ಬರೆದಿಟ್ಟಿರುತ್ತಾರೆ, ಅದು ಒಳ್ಳೆಯ ಪದ್ಧತಿಯೇ. ಆಗ ಹಣ ಬಂದ ದಿನ ಕ್ರೆಡಿಟ್ ಆಗಬೇಕಾದದ್ದು ಆ ‘ಬರಬೇಕಾದ ಬಡ್ಡಿ’ಯ ಖಾತೆ. ಮತ್ತೆ ಬಡ್ಡಿ ಆದಾಯಕ್ಕೇ ಕ್ರೆಡಿಟ್ ಮಾಡಿದರೆ ಒಂದೇ ಬಡ್ಡಿ ಎರಡು ಸಲ ಆದಾಯವಾಗಿ, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಬೇಕಾಗುತ್ತದೆ.

ಈಗ ಕೂಡಿ ಕಳೆಯೋಣ. ಪುಸ್ತಕದ 2,86,450ರಲ್ಲಿ 590, 42,000 ಮತ್ತು 236 ಕಳೆದು 16,200 ಕೂಡಿಸಿದರೆ 2,59,824. ಸ್ಟೇಟ್‌ಮೆಂಟಿನ 2,74,324ಕ್ಕೆ ದಾರಿಯಲ್ಲಿರುವ 24,000 ಕೂಡಿಸಿ, ಇನ್ನೂ ಹಾಜರಾಗದ 38,500 ಕಳೆದರೆ ಅದೂ 2,59,824. ಎರಡು ಪುಸ್ತಕಗಳು ಕೂಡಿದವು. ಯಾವ ಪುಸ್ತಕದ ಅಂಕೆಯನ್ನೂ ಇನ್ನೊಂದಕ್ಕೆ ಎಳೆದು ತರಲಿಲ್ಲ ಎಂಬುದನ್ನು ಗಮನಿಸಿ. ಎರಡೂ ತಮ್ಮ ತಮ್ಮ ಕೊರತೆ ತುಂಬಿಕೊಂಡು ಮೂರನೆಯ ಒಂದು ಸಂಖ್ಯೆಯಲ್ಲಿ ಸಂಧಿಸಿದವು. ಡಿಸೆಂಬರ್ 31ರಂದು ಅಂಗಡಿಗೆ ನಿಜವಾಗಿ ಇದ್ದದ್ದು ಆ ಸಂಖ್ಯೆ.

ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿ ಇವತ್ತು ನಮ್ಮ ಬಹುಪಾಲು ಅಂಗಡಿಗಳಿಗೆ ಪರಿಚಿತವಾದ ಟ್ಯಾಲಿಯಲ್ಲಿ ಇದೇ ಕೆಲಸ ಮಾಡುವಾಗ, ಪ್ರತಿ ಚೆಕ್ಕಿನ ಎದುರು ಬ್ಯಾಂಕಿನ ತಾರೀಖು ತುಂಬಿದರೆ ಹೊತ್ತಿನ ವ್ಯತ್ಯಾಸಗಳು ತಾವಾಗಿ ಬೇರ್ಪಡುತ್ತವೆ. ಮೇಲಿನ ನಮೂದುಗಳನ್ನು ಮಾತ್ರ ನಾವೇ ಹಾಕಬೇಕು: ಶುಲ್ಕವನ್ನೂ ಮರಳಿದ ಚೆಕ್ಕನ್ನೂ ಎಫ್5 ಪಾವತಿ ವೋಚರಿನಲ್ಲಿ, ಬಡ್ಡಿಯನ್ನು ಎಫ್6 ಸ್ವೀಕೃತಿ ವೋಚರಿನಲ್ಲಿ. ಇನ್ನೊಂದು ಬದಿಗೆ ಯಾವ ಖಾತೆ ಎಂದು ತಂತ್ರಾಂಶ ಕೇಳುತ್ತದೆ, ಉತ್ತರ ಸರಿಯೋ ತಪ್ಪೋ ಎಂದು ಅದು ನೋಡುವುದಿಲ್ಲ.

ಆ ಉತ್ತರ ತಪ್ಪಿದರೆ ಎಷ್ಟು ತಪ್ಪುತ್ತದೆ ಎಂಬುದನ್ನು ಇದೇ ಅಂಗಡಿಯಲ್ಲಿ ಅಳೆದು ನೋಡಬಹುದು. ಅವಸರದಲ್ಲಿರುವ ಗುಮಾಸ್ತ ನಾಲ್ಕೂ ಸಾಲುಗಳ ನಿವ್ವಳ 26,626 ರೂಪಾಯಿಯನ್ನು ‘ಬ್ಯಾಂಕ್ ಶುಲ್ಕ’ ಎಂದು ಒಂದೇ ನಮೂದಿನಲ್ಲಿ ಬರೆದುಬಿಟ್ಟ ಎಂದುಕೊಳ್ಳಿ. ಬ್ಯಾಂಕ್ ಶಿಲ್ಕು 2,59,824 ಆಗುತ್ತದೆ, ಹೊಂದಾಣಿಕೆ ಪಟ್ಟಿ ಪೈಸೆಗೆ ಪೈಸೆ ತಾಳೆಯಾಗುತ್ತದೆ, ತಾಳೆಪಟ್ಟಿಯೂ ಸರಿಯಾಗಿ ಕೂಡುತ್ತದೆ. ಆದರೆ ಸರಿಯಾದ ನಮೂದುಗಳಲ್ಲಿ ಲಾಭ 17,500 ಏರಬೇಕಿತ್ತು, ಅಂದರೆ ಬಡ್ಡಿ 18,000, ಶುಲ್ಕ 500. ಈಗ ಅದು 26,626 ಇಳಿದಿದೆ. ನಡುವಿನ ಅಂತರ 44,126. ಆ ಮೊತ್ತವನ್ನು ಬಿಡಿಸಿದರೆ ವ್ಯಾಪಾರಿಯ ಬಾಕಿ 42,236, ಟಿಡಿಎಸ್ 1,800, ಜಿಎಸ್‌ಟಿ 90. ಮೂವರಿಂದ ಅಂಗಡಿಗೆ ಬರಬೇಕಾದದ್ದು ಪುಸ್ತಕದಿಂದ ಮಾಯವಾಗಿದೆ, ಮತ್ತು ಅದನ್ನು ಹೇಳುವ ಶಕ್ತಿ ಬ್ಯಾಂಕ್ ತಾಳೆಗೆ ಇಲ್ಲ. ಅದು ಪರೀಕ್ಷಿಸುವುದು ಬ್ಯಾಂಕ್ ಖಾತೆಯ ಬದಿಯನ್ನು ಮಾತ್ರ. ಇನ್ನೊಂದು ಬದಿಯನ್ನು ಪರೀಕ್ಷಿಸಲು ವ್ಯಾಪಾರಿಯಿಂದ ಬಾಕಿಯ ಒಪ್ಪಿಗೆ ಪತ್ರ, 26ಎಎಸ್, 2ಬಿ ಎಂಬ ಬೇರೆ ಮೂರು ಕಾಗದಗಳು ಬೇಕು.

ಬ್ಯಾಂಕೇ ತಪ್ಪು ಮಾಡಿದಾಗ, ಬೇರೆಯವರ ಶುಲ್ಕ ನಮ್ಮ ಖಾತೆಗೆ ಬಿದ್ದಾಗ, ನಾವು ನಮೂದು ಬರೆಯಬಾರದು. ಪಟ್ಟಿಯಲ್ಲಿ ಬ್ಯಾಂಕಿನ ಬದಿಗೆ ತೋರಿಸಿ, ಬ್ಯಾಂಕಿಗೆ ಪತ್ರ ಬರೆದು ಅವರಿಂದಲೇ ತಿದ್ದಿಸಬೇಕು. ಅದನ್ನು ನಮ್ಮ ಖರ್ಚೆಂದು ಬರೆದ ದಿನವೇ ವಾಪಸ್ ಕೇಳುವ ಹಕ್ಕಿನ ಗುರುತು ಪುಸ್ತಕದಿಂದ ಅಳಿಯುತ್ತದೆ.

ಹೊತ್ತಿನ ವ್ಯತ್ಯಾಸ ಎಂದು ನಮೂದಿಲ್ಲದೆ ಬಿಟ್ಟ ಎರಡು ಚೆಕ್ಕುಗಳನ್ನೂ ಜನವರಿಯ ಪಟ್ಟಿ ಮಾಡುವಾಗ ಮತ್ತೆ ನೋಡಬೇಕು. 24,000 ರೂಪಾಯಿಯದು ಹೊಸ ವರ್ಷದ ಮೊದಲ ಕೆಲಸದ ದಿನಗಳಲ್ಲೇ ಜಮೆಯಾಗಿರುತ್ತದೆ, ಇಲ್ಲದಿದ್ದರೆ ಅದೂ ಮರಳಿದ ಚೆಕ್ಕೇ. ಪೂರೈಕೆದಾರನಿಗೆ ಕೊಟ್ಟ 38,500 ರೂಪಾಯಿಯದು ಅಷ್ಟು ಬೇಗ ಬರಬೇಕೆಂದಿಲ್ಲ. ಅವನ ಮೇಜಿನ ಖಾನೆಯಲ್ಲಿ ಅದು ಮರೆತು ಉಳಿದು, ಮಾರ್ಚ್ ಮುಗಿಯುವ ಹೊತ್ತಿಗೆ ಮೂರು ತಿಂಗಳು ದಾಟಿದರೆ, ಬ್ಯಾಂಕು ಅದನ್ನು ಇನ್ನು ಪಾವತಿಸುವುದಿಲ್ಲ. ಆಗ ಅದು ಹೊತ್ತಿನ ವ್ಯತ್ಯಾಸವಾಗಿ ಉಳಿಯುವುದಿಲ್ಲ. ಬ್ಯಾಂಕ್ ಖಾತೆ ಡೆಬಿಟ್, ಪೂರೈಕೆದಾರನ ಖಾತೆ ಕ್ರೆಡಿಟ್ ಎಂದು 38,500 ರೂಪಾಯಿಗೆ ನಮೂದು ಬರೆದು, ಅವನಿಗೆ ಕೊಡಬೇಕಾದ ಸಾಲವನ್ನು ಮತ್ತೆ ಪುಸ್ತಕಕ್ಕೆ ತರಬೇಕು, ಮತ್ತು ಹಳೆಯ ಚೆಕ್ ವಾಪಸ್ ಪಡೆದು ಹೊಸದನ್ನು ಕೊಡಬೇಕು.